ಅಧ್ಯಕ್ಷರ ಮೂಗು ಎಲ್ಲಿ ಹೋಯಿತು?

ನಮ್ಮ ಕಡೆ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ ಕೈಗೆ ಬಂದಾಗ ಯಾರೂ ಮೊದಲು ಸಂಪಾದಕೀಯ ಓದುವುದಿಲ್ಲ. ಸಮಿತಿಯ ಗ್ರೂಪ್ ಫೋಟೊ ಹುಡುಕುತ್ತಾರೆ. ಎದುರುಬದುರಿನ ಎರಡೂ ಪುಟ ತುಂಬಿದ ಫೋಟೊ. ಎಡಕ್ಕೆ ಕಾರ್ಯದರ್ಶಿ, ಬಲಕ್ಕೆ ಕೋಶಾಧಿಕಾರಿ, ಹಿಂದೆ ನಿಂತ ಸ್ವಯಂಸೇವಕರ ಹಲ್ಲು ಕೂಡ ಲೆಕ್ಕ ಹಾಕುವಷ್ಟು ಸ್ಪಷ್ಟ. ನಡುವಿನ ಕುರ್ಚಿಯಲ್ಲಿ ಶಾಲು ಹೊದ್ದು ಕೂತ ಅಧ್ಯಕ್ಷರದ್ದು ಮಾತ್ರ ಎರಡು ಕಿವಿ. ಮೂಗು, ಮೀಸೆ ಎಲ್ಲ ಪುಸ್ತಕದ ಬೆನ್ನಿನೊಳಗೆ. ಅತಿ ಹೆಚ್ಚು ದೇಣಿಗೆ ಕೊಟ್ಟವರು ನಡುವೆ ಕೂರುವುದು ಸಂಪ್ರದಾಯ, ನಡುವೆ ಇದ್ದದ್ದನ್ನು ನುಂಗುವುದು ಬೈಂಡಿಂಗಿನ ಸ್ವಭಾವ. ಫೋಟೊವನ್ನು ಒಂದೇ ಪುಟದಲ್ಲಿ ಚಿಕ್ಕದಾಗಿ ಹಾಕಿದರೆ ಎರಡಕ್ಕೂ ಜಗಳವಿಲ್ಲ.

ಅಧ್ಯಕ್ಷರನ್ನಾದರೂ ಕಿವಿ ನೋಡಿ ಗುರುತಿಸಬಹುದು. ಕಾದಂಬರಿಯಲ್ಲಿ ಹೀಗಾದರೆ ಕಷ್ಟ. ಎಡಪುಟದ ಸಾಲು ಬೆನ್ನಿನ ಹತ್ತಿರ ಮುಗಿಯುತ್ತದೆ, ನಮ್ಮ ಕ್ರಿಯಾಪದವೂ ಹೆಚ್ಚಾಗಿ ಅಲ್ಲಿಯೇ ಬಂದು ಕೂರುತ್ತದೆ. 'ಬಾಗಿಲು ತೆರೆದು ಹೊರಟುಹೋದ' ಎಂಬಲ್ಲಿಗೆ ಕಾಗದ ಬಾಗಿ ಒಳಗೆ ಇಳಿದರೆ, ಹೋದದ್ದು ಗಂಡನೋ ಹೆಂಡತಿಯೋ ಗೊತ್ತಾಗಲು ಇನ್ನೂ ಎರಡು ಪುಟ ಕಾಯಬೇಕು.

ಈ ಅನಾಹುತ ಕಂಪ್ಯೂಟರಿನ ಪರದೆಯಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಅಲ್ಲಿ ಪುಟ ಚಪ್ಪಟೆ. ಪೇಪರ್‌ಬ್ಯಾಕ್‌ಗೆ ಸಾಮಾನ್ಯವಾಗಿ ಮಾಡುವುದು ಪರ್ಫೆಕ್ಟ್ ಬೈಂಡಿಂಗ್. 16 ಪುಟ ಅಚ್ಚಾದ ಹಾಳೆಯನ್ನು ಮಡಿಸಿದರೆ ಒಂದು ಫಾರಂ. ಅಂಥ ಫಾರಂಗಳನ್ನು ಒಟ್ಟಿಗೆ ಹಿಡಿದು, ಬೆನ್ನಿನ ಕಡೆ ಸುಮಾರು 3 ಮಿ.ಮೀ. ತರಿದು, ಒರಟಾದ ಆ ಮೈಗೆ ಬಿಸಿ ಅಂಟು ಸವರಿ ರಕ್ಷಾಪುಟ ಕೂರಿಸುತ್ತಾರೆ. ಅಲ್ಲಿಗೆ ಒಂದು ನಷ್ಟ ಆಯಿತು. ಪುಸ್ತಕ ತೆರೆದಾಗ ಹಾಳೆ ಅಂಟಿನ ಬುಡದಿಂದಲೇ ಮಲಗುವುದಿಲ್ಲ, ಬಾಗಿಕೊಂಡು ಏಳುತ್ತದೆ. ದಪ್ಪ ಪುಸ್ತಕದಲ್ಲಿ ಆ ಬಾಗಿನಲ್ಲಿ ಇನ್ನೂ 6-7 ಮಿ.ಮೀ. ಕಣ್ಣಿಗೆ ಮರೆ. ಅಂದರೆ ಒಳ ಅಂಚಿಗೆ 10 ಮಿ.ಮೀ. ಬಿಟ್ಟವರ ಪುಸ್ತಕದಲ್ಲಿ ಅಕ್ಷರ ಶುರುವಾಗುವುದು ಪ್ರಪಾತದ ತುದಿಯಿಂದಲೇ. ಯಕ್ಷಗಾನ ಪ್ರಸಂಗದ ತೆಳ್ಳಗಿನ ಪುಸ್ತಕಕ್ಕೆ ಈ ಭಯವಿಲ್ಲ, ನಡುವೆ ಎರಡು ಪಿನ್ ಹೊಡೆದದ್ದು ಪೂರ್ತಿ ತೆರೆದುಕೊಳ್ಳುತ್ತದೆ. ಬದಿಯಿಂದ ಪಿನ್ ಹೊಡೆದರೆ ಮಾತ್ರ ದೇವರೇ ಗತಿ. ಪಿನ್ನಿನ ಆಚೆ ಇರುವ ಕಾಗದ ತೆರೆಯುವ ಪ್ರಶ್ನೆಯೇ ಇಲ್ಲ.

ಇನ್ನು ಅಳತೆ. 'ಎ5 ಮಾಡುವ, ಚಂದ ಕಾಣ್ತದೆ' ಎನ್ನುವವರು ಬಹಳ. ಕನ್ನಡದಲ್ಲಿ ಡೆಮಿ 1/8 ಎಂಬ ಅಳತೆ ಇಷ್ಟು ಚಾಲ್ತಿಯಲ್ಲಿರುವುದು ಅಂದಕ್ಕಲ್ಲ, ಹಾಳೆಯ ಲೆಕ್ಕಕ್ಕೆ. ಎರಡು ಡೆಮಿ ಸೇರಿದ ಡಬಲ್ ಡೆಮಿ ಹಾಳೆ 23×36 ಇಂಚು. ಉದ್ದಕ್ಕೆ ನಾಲ್ಕು, ಅಗಲಕ್ಕೆ ನಾಲ್ಕು ಪಾಲು ಮಾಡಿದರೆ ಒಂದು ಪಾಲು 5.75×9 ಇಂಚು. ಸುತ್ತ ಕತ್ತರಿಸಿದ ಮೇಲೆ 5.5×8.5 ಇಂಚಿನ ಪುಸ್ತಕ. ಎ5ರ ಅಗಲ 148 ಮಿ.ಮೀ., ಎಂದರೆ 5.83 ಇಂಚು. ಕತ್ತರಿಸುವ ಮೊದಲೇ ಹಾಳೆ ಸಾಲದು! ದೊಡ್ಡ ಹಾಳೆ ತರಿಸಿ ಅದರಲ್ಲೊಂದು ಪಟ್ಟಿ ರದ್ದಿಗೆ ಹಾಕಬೇಕು; ಆ ರದ್ದಿಯ ದುಡ್ಡನ್ನೂ ಕೊಡುವವರು ಲೇಖಕರೇ.

ಒಂದು ಪಾಲಿನ ಅಗಲ 146 ಮಿ.ಮೀ. ಇದರಲ್ಲಿ ಬೆನ್ನಿನ ಕಡೆ ತರಿಯಲು 3, ಹೊರಬದಿ ಕತ್ತರಿಸಲು 3 ಹೋಗಿ ಉಳಿಯುವುದು 140. ಲೆಕ್ಕ ಸರಿಯಿದೆ, ಆದರೆ ಫಾರಂ ಕೂರಿಸುವವರು ಬೆನ್ನಿನ ಆ 3 ಮಿ.ಮೀ.ಯನ್ನು ಬೇರೆಯಾಗಿ ಬಿಟ್ಟಿದ್ದರೆ ಮಾತ್ರ. ಬಿಡದಿದ್ದರೆ ಅದು ನಿಮ್ಮ ಒಳ ಅಂಚಿನಿಂದ ಕಳೆಯುತ್ತದೆ. ಪ್ರೆಸ್ಸಿಗೆ ಹೋದಾಗ ಚಹಾ ಬರುವ ಮೊದಲೇ ಕೇಳಿಬಿಡಬೇಕಾದ ಪ್ರಶ್ನೆ ಇದು.

240 ಪುಟದ ಕಥಾ ಸಂಕಲನ ಎಂದಿಟ್ಟುಕೊಳ್ಳಿ. 70 ಜಿ.ಎಸ್.ಎಂ. ಮ್ಯಾಪ್‌ಲಿಥೋ ಕಾಗದದಲ್ಲಿ 120 ಹಾಳೆ, ದಪ್ಪ ಸುಮಾರು 11 ಮಿ.ಮೀ. ಇದಕ್ಕೆ ಒಳ ಅಂಚು 20, ಹೊರ ಅಂಚು 15, ಮೇಲೆ 18, ಕೆಳಗೆ 20 ಮಿ.ಮೀ. ಇಟ್ಟರೆ ಸಾಲಿನ ಉದ್ದ 105 ಮಿ.ಮೀ. ಸಿಗುತ್ತದೆ. ಎತ್ತರದಲ್ಲಿ ಉಳಿಯುವ 178 ಮಿ.ಮೀ.ಗೆ 18 ಪಾಯಿಂಟ್ ಅಂತರದಲ್ಲಿ 28 ಸಾಲು ಹಿಡಿಸುತ್ತವೆ. 12 ಪಾಯಿಂಟಿನ ಅಕ್ಷರಕ್ಕೆ ಅಷ್ಟು ಅಂತರ ದುಂದಲ್ಲ. ಅದಕ್ಕಿಂತ ಬಿಗಿ ಮಾಡಿದರೆ 'ರಾಷ್ಟ್ರ'ದ ಒತ್ತಕ್ಷರ ಕೆಳಸಾಲಿನವರ ಗುಡಿಸನ್ನು ಒದೆಯುತ್ತದೆ.

ಆಗ ಯಾರಾದರೂ ಬುದ್ಧಿವಂತರು ಬಂದೇ ಬರುತ್ತಾರೆ. 'ಒಳಗೆ ಇಷ್ಟು ಖಾಲಿ ಬಿಟ್ಟದ್ದು ಎಂತಕ್ಕೆ ಮಾರಾಯ್ರೆ? 12 ಮಾಡಿ, ಒಂದು ಫಾರಂ ಉಳೀತದೆ.' ಮಾತು ಸುಳ್ಳಲ್ಲ. ಸಾಲಿಗೆ 8 ಮಿ.ಮೀ. ಸೇರಿದರೆ 240 ಪುಟದಲ್ಲಿ 16 ಪುಟದ ಒಂದು ಫಾರಂ ಉಳಿಯುತ್ತದೆ. ಉಳಿದ ಆ 16 ಪುಟದ ಬದಲಿಗೆ ಓದುಗರು ಪ್ರತಿ ಪುಟದಲ್ಲೂ ಪುಸ್ತಕವನ್ನು ಎರಡೂ ಕೈಯಿಂದ ಹಿಂದಕ್ಕೆ ಮುರಿಯುತ್ತಾರೆ, ಅಂಟು ಬಿರುಕು ಬಿಡುತ್ತದೆ, ಹಾಳೆಗಳು ಒಂದೊಂದಾಗಿ ಸ್ವತಂತ್ರವಾಗುತ್ತವೆ. ಕಡಿಮೆ ಮಾಡಲೇಬೇಕಿದ್ದರೆ ಹೊರ ಅಂಚನ್ನು 13ಕ್ಕೆ ಇಳಿಸಿ. ಅಲ್ಲಿ ಓದುವವರ ಹೆಬ್ಬೆರಳಿಗೆ ಸ್ವಲ್ಪ ಇಕ್ಕಟ್ಟಾದೀತು, ಅಷ್ಟೆ.

ವರ್ಡ್‌ನಲ್ಲಿ ಪುಟ ಕಟ್ಟುವವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಅದರಲ್ಲಿ ಬೈಂಡಿಂಗಿಗೆ ಬಿಡುವ ಹೆಚ್ಚಿನ ಜಾಗಕ್ಕೆ Gutter ಎಂಬ ಚೌಕವಿದೆ. ಹೆಸರು ನೋಡಿದ ಕೂಡಲೇ ಅದಕ್ಕೊಂದು ಅಂಕಿ ತುಂಬಿ ನಿಶ್ಚಿಂತರಾಗುತ್ತೇವೆ. Multiple pages ಎಂಬಲ್ಲಿ Normal ಎಂದೇ ಉಳಿದಿದ್ದರೆ ವರ್ಡ್ ಆ ಜಾಗವನ್ನು ಎಲ್ಲ ಪುಟಗಳ ಎಡಕ್ಕೇ ಸೇರಿಸುತ್ತದೆ. ಬಲಪುಟಗಳು ಸರಿ, ಎಡಪುಟಗಳಲ್ಲಿ ಹೊರಗೆ ಧಾರಾಳ, ಬೆನ್ನಿನ ಕಡೆ ಬಡತನ. ಪುಸ್ತಕದ ಅರ್ಧ ಓದಬಹುದು ಎಂದು ಸಮಾಧಾನ ಪಟ್ಟುಕೊಳ್ಳಬೇಕು. ಆದ್ದರಿಂದ ಮೊದಲು ಕಾಗದದ ಅಳತೆ 14×21.6 ಸೆಂ.ಮೀ. ಕೊಟ್ಟು, Mirror margins ಆರಿಸಿ, Inside 2, Outside 1.5 ಎಂದು ಹಾಕಿ Gutter ಸೊನ್ನೆ ಬಿಡುವುದು ಒಳ್ಳೆಯದು. ಅಲ್ಲೂ ಒಂದು ಅಂಕಿ ಕೊಟ್ಟರೆ ಅದು Insideಗೆ ಕೂಡುತ್ತದೆ. ಎ4ರಲ್ಲೇ ಪುಟ ಕಟ್ಟಿ 'ಪ್ರೆಸ್ಸಿನವರು ಸಣ್ಣ ಮಾಡ್ತಾರೆ' ಎಂದು ಬಿಟ್ಟರೆ ಅವರು ನಿಜವಾಗಿಯೂ ಮಾಡುತ್ತಾರೆ. 12 ಪಾಯಿಂಟಿನ ಅಕ್ಷರ 8 ಆಗುತ್ತದೆ.

ಕರಾವಳಿಯಲ್ಲಿ ಮಳೆಗಾಲವೂ ಮಾರ್ಜಿನ್ ತಿನ್ನುತ್ತದೆ. ಕಾಗದದ ನಾರು ಬೆನ್ನಿಗೆ ಸಮಾನಾಂತರವಾಗಿ ಹರಿಯಬೇಕು. ಅಡ್ಡ ಬಿದ್ದರೆ, ತೇವ ಕುಡಿದ ಹಾಳೆ ಬೆನ್ನಿನುದ್ದಕ್ಕೆ ಹಿಗ್ಗಲು ನೋಡುತ್ತದೆ, ಅಂಟು ಹಿಗ್ಗಗೊಡುವುದಿಲ್ಲ. ಆಟಿ ತಿಂಗಳಲ್ಲಿ ಪುಟಗಳು ಸುಟ್ಟ ಹಪ್ಪಳದಂತೆ ಸೊಟ್ಟಗಾಗುತ್ತವೆ. ತೆರೆದಿಟ್ಟ ಪುಸ್ತಕ ತಾನಾಗಿ ಮುಚ್ಚಿಕೊಳ್ಳುತ್ತದೆ. ಖಾಲಿ ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮಡಚಿ ನೋಡಿ, ಮಡಿಕೆ ನಯವಾಗಿ ಬಂದ ದಿಕ್ಕೇ ನಾರಿನದ್ದು.

ಅಚ್ಚಿಗೆ ಹೇಳುವ ಮೊದಲು ಅದೇ ಕಾಗದದ 120 ಹಾಳೆ ಅಂಟಿಸಿದ ಒಂದು ಡಮ್ಮಿ ಕೇಳಿ ಪಡೆಯಿರಿ. 120-121ನೇ ಪುಟದಲ್ಲಿ ತೆರೆದು, ಓದುವಾಗ ಹಿಡಿಯುವಂತೆಯೇ ಒಂದೇ ಕೈಯಲ್ಲಿ ಹಿಡಿದು, ಹೊರಬದಿಯಿಂದ ಸ್ಕೇಲ್ ಇಟ್ಟು ಕಾಣುವಷ್ಟು ಅಳೆಯಿರಿ. 140ರಲ್ಲಿ 130 ಕಂಡರೆ, ಮರೆಯಾದ 10ರ ಆಚೆಗೆ ಇನ್ನೂ 10 ಮಿ.ಮೀ. ಬಿಳಿ ಉಳಿಯುವಂತೆ ಒಳ ಅಂಚು ಇರಬೇಕು. ಮೊದಲ ಪುಟದಲ್ಲಿ ಅಳೆದರೆ ಎಲ್ಲವೂ ಚಂದವೇ ಕಾಣುತ್ತದೆ, ಮೋಸ ಹೋಗಬೇಡಿ.

ಇದೊಂದನ್ನೂ ಮಾಡದೆ 500 ಪ್ರತಿ ಕಟ್ಟಿಸಿ ತಂದವರು ಬೈಂಡರರ ಹತ್ತಿರ ಹೋಗಿ ಕೇಳುವುದುಂಟು, 'ಬಿಚ್ಚಿ ಇನ್ನೊಮ್ಮೆ ಬೈಂಡ್ ಮಾಡ್ಲಿಕ್ಕೆ ಆಗ್ತದಾ?'

'ಆಗದೇ ಎಂತ? ಆದ್ರೆ ಬೆನ್ನು ಪುನಃ ತರೀಬೇಕು. ಇನ್ನೂ ಮೂರು ಮಿಲಿಮೀಟರ್ ಹೋಗ್ತದೆ.'