ಸ್ಪಷ್ಟನೆ: ಪೆಪ್ಟೈಡಿನ ತೂಕವೊಂದೇ ಸಾಲದು

“ಆಗುಂಬೆಯ ಕಾಳಿಂಗದ ವಿಷವನ್ನು ಟ್ರಿಪ್ಸಿನ್‌ನಿಂದ ಕತ್ತರಿಸಿ ಒಂದು ತುಣುಕನ್ನು ತೂಗಿದರೆ ಸಾಕು, ಪ್ರೋಟೀನ್ ಯಾವುದೆಂದು ಯಂತ್ರವೇ ಹೇಳುತ್ತದೆ.” (ಶಿವಮೊಗ್ಗದ ವಿದ್ಯಾರ್ಥಿ ಗುಂಪುಗಳಲ್ಲಿ ಹರಿದಾಡುತ್ತಿರುವ ಸಂದೇಶ)

ಇದು ತಪ್ಪು. ಟ್ರಿಪ್ಸಿನ್ ಎಂಬ ಕಿಣ್ವ ಪ್ರೋಟೀನನ್ನು ಲೈಸೀನ್ ಮತ್ತು ಆರ್ಜಿನೀನ್ ಎಂಬ ಅಮೈನೋ ಆಮ್ಲಗಳ ನಂತರ ಕತ್ತರಿಸಿ ಪೆಪ್ಟೈಡ್‌ಗಳೆಂಬ ತುಣುಕುಗಳನ್ನು ಮಾಡುತ್ತದೆ, ನಿಜ. ಆದರೆ GALK ಮತ್ತು AGLK ಎಂಬ ಎರಡು ಪೆಪ್ಟೈಡ್‌ಗಳನ್ನು ನೋಡಿ. ಒಂದೊಂದು ಅಕ್ಷರವೂ ಒಂದು ಅಮೈನೋ ಆಮ್ಲ; L ಎಂದರೆ ಲ್ಯೂಸೀನ್, K ಎಂದರೆ ಲೈಸೀನ್. ಅಮೈನೋ ಆಮ್ಲಗಳು ಅವೇ, ಕ್ರಮ ಮಾತ್ರ ಬೇರೆ. ಒಂದು ಪ್ರೋಟಾನ್ ಸೇರಿದಾಗ ಎರಡರ ತೂಕವೂ ಅಣುಗಳ ತೂಕದ ಮಾನವಾದ ಡಾಲ್ಟನ್‌ನಲ್ಲಿ 388.26.

ಆದ್ದರಿಂದ ಪೆಪ್ಟೈಡನ್ನು ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ ಮತ್ತೆ ಒಡೆಯುತ್ತಾರೆ. ಬಂಧಗಳು ಮುರಿದು, ಲೈಸೀನ್ ಇರುವ ತುದಿಯಿಂದ 147.11, 260.20 ಎಂಬ ತುಣುಕುಗಳು ಎರಡರಲ್ಲೂ ಬರುತ್ತವೆ. ಮುಂದಿನದು GALK ಆದರೆ 331.23, AGLK ಆದರೆ 317.22. ಗುರುತು ಸಿಗುವುದು ಇಲ್ಲಿ. ಲ್ಯೂಸೀನ್, ಐಸೋಲ್ಯೂಸೀನ್‌ಗಳ ತೂಕ ಒಂದೇ ಆದ್ದರಿಂದ ಅವುಗಳನ್ನು ಈ ವಿಧಾನವೂ ಬೇರ್ಪಡಿಸದು.

ಪ್ರೋಟೀನಿನ ಹೆಸರು ಹೇಳುವುದು ಯಂತ್ರವಲ್ಲ, ಜೀನೋಮ್‌ನಂಥ ಮೂಲಗಳಿಂದ ತಿಳಿದ ಪ್ರೋಟೀನ್‌ಗಳ ದತ್ತಾಂಶದೊಂದಿಗಿನ ಹೋಲಿಕೆ. 2013ರಲ್ಲಿ ಪ್ರಕಟವಾದ ಕಾಳಿಂಗದ ಜೀನೋಮ್ ಇಂಡೋನೇಷ್ಯಾದ ಹಾವಿನದು. ನಮ್ಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಬೇರೆಯೇ ಪ್ರಭೇದವೆಂದು ವಿವರಿಸಲಾಗಿದೆ. ಒಂದೇ ಅಮೈನೋ ಆಮ್ಲ ಬದಲಾಗಿದ್ದರೂ ಸಾಮಾನ್ಯ ಹುಡುಕಾಟ ಆ ಪೆಪ್ಟೈಡನ್ನು ಕಾಣದೆ ಹೋಗಬಹುದು.