ಸೂಚನಾ ಫಲಕಕ್ಕೊಂದು ಕವಿತೆ

ಕಳೆದ ವರ್ಷ ಮೂರು ದಿನಗಳ ಮೌನ ಶಿಬಿರವೊಂದರಲ್ಲಿ ಕುಳಿತಿದ್ದೆ. ಮೊಬೈಲ್, ಪುಸ್ತಕ, ಪೆನ್ನು ಎಲ್ಲವನ್ನೂ ಮೊದಲ ದಿನವೇ ಚೀಲಕ್ಕೆ ಹಾಕಿ ಕೊಟ್ಟುಬಿಡಬೇಕು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಕಣ್ಣಿಗೆ ಹಸಿವು ಶುರುವಾಯಿತು. ಸಾಬೂನಿನ ಹೊದಿಕೆಯನ್ನು ಓದಿದೆ. ಫ್ಯಾನಿನ ರೆಗ್ಯುಲೇಟರಿನ ಮೇಲಿನ ಅಂಕಿಗಳನ್ನು ಓದಿದೆ. ಕೈ ತೊಳೆಯುವ ಜಾಗದಲ್ಲಿ ಒಂದು ಚೀಟಿ ಅಂಟಿಸಿದ್ದರು: "ನೀರನ್ನು ಮಿತವಾಗಿ ಬಳಸರಿ." ಬಳಸಿರಿ ಅಲ್ಲ, ಬಳಸರಿ. ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದವನು ನಾನು. ಆ ಬಿಟ್ಟುಹೋದ ಒಂದು ಗುಡಿಸು ಧ್ಯಾನದ ಕೋಣೆಯೊಳಗೂ ನನ್ನ ಜೊತೆ ಬಂದು ಕುಳಿತಿತು. ಉಸಿರನ್ನು ಗಮನಿಸಿ ಎಂದರೆ ನಾನು ಸಿ ಅಕ್ಷರವನ್ನು ಗಮನಿಸುತ್ತಿದ್ದೆ.

ಈ ಕಥೆಯನ್ನು ಎಲ್ಲರ ಎದುರು ಹೇಳಿಕೊಂಡು ನಕ್ಕದ್ದೇ ತಪ್ಪಾಯಿತು. ಈ ಸಲ ಆಟಿ ತಿಂಗಳಲ್ಲಿ ಉಡುಪಿಯ ಹೊರಗೆ, ಸ್ವರ್ಣಾ ನದಿಯ ಬದಿಯ ಒಂದು ಹಳೆಯ ಹಂಚಿನ ಮನೆಯಲ್ಲಿ ನಮ್ಮ ಪರಿಚಯದವರೇ ಶಿಬಿರ ಇಟ್ಟುಕೊಂಡರು. ಉಸ್ತುವಾರಿಯ ಅಕ್ಕ ಫೋನ್ ಮಾಡಿದರು. "ಮಾಷ್ಟ್ರೇ, ಸೂಚನಾ ಫಲಕಕ್ಕೆ ಒಂದು ಸಣ್ಣ ಕವಿತೆ ಬೇಕು. ಅರವತ್ತು ಪದದ ಒಳಗೆ ಇರಲಿ. ಓದಿದರೆ ಸಮಾಧಾನ ಆಗಬೇಕು, ಅಷ್ಟೇ."

ಅಷ್ಟೇ ಅಂತೆ!

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಎಲ್ಲ ಶಿಬಿರಗಳಿಗೂ ಕವಿತೆ ಒಗ್ಗುವುದಿಲ್ಲ. ಗೋಯೆಂಕಾ ಅವರ ಪರಂಪರೆಯ ಹತ್ತು ದಿನಗಳ ವಿಪಶ್ಯನ ಶಿಬಿರದಲ್ಲಿ ಬೆಳಿಗ್ಗೆ 4 ಗಂಟೆಗೆ ಗಂಟೆ ಬಾರಿಸುತ್ತಾರೆ, 4.30ಕ್ಕೆ ಧ್ಯಾನಕ್ಕೆ ಕೂರಬೇಕು. ಅಲ್ಲಿ ಪಾಲಿಸುವುದು ಆರ್ಯ ಮೌನ. ಬಾಯಿ ಮುಚ್ಚಿದರೆ ಸಾಲದು, ಕೈಸನ್ನೆ ಕೂಡದು, ಚೀಟಿ ಬರೆದು ತೋರಿಸುವುದೂ ಕೂಡದು. ಓದು, ಬರಹಕ್ಕೂ ಅಲ್ಲಿ ಜಾಗವಿಲ್ಲ. ಅಂಥ ಕಡೆ ವೇಳಾಪಟ್ಟಿಯ ಪಕ್ಕ ಕವಿತೆ ಅಂಟಿಸುವುದು ಉಪವಾಸದವರ ಮುಂದೆ ಕೋಡುಬಳೆ ಇಟ್ಟಂತೆ. ಅಕ್ಕನ ಶಿಬಿರದ ನಿಯಮ ಅಷ್ಟು ಬಿಗಿಯಿಲ್ಲವಾದ್ದರಿಂದ ಒಪ್ಪಿಕೊಂಡೆ.

ಮೊದಲ ಪ್ರಯತ್ನ ಹತ್ತು ನಿಮಿಷದಲ್ಲಿ ಮುಗಿಯಿತು. ಆಗಲೇ ಸಂಶಯ ಬರಬೇಕಿತ್ತು. ಹೀಗೆ ಶುರುವಾಗಿತ್ತು:

ಮಾತು ನಿಲ್ಲಲಿ ಮನವು ತಿಳಿಯಲಿ
ಉಸಿರ ದಾರಿಯ ಹಿಡಿದು ಸಾಗಲಿ

ನನಗೇನೋ ಚೆನ್ನಾಗಿಯೇ ಕಂಡಿತ್ತು. ಅಡುಗೆಯ ಉಸ್ತುವಾರಿಗೆ ಬಂದಿದ್ದ ಹುಡುಗನೊಬ್ಬ ಕಾಗದ ತೆಗೆದುಕೊಂಡು ಓದಿದ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವನ ಬೆರಳು ಮೇಜಿನ ಮೇಲೆ ತಾಳ ಹಾಕತೊಡಗಿತು. ಮೂರನೆಯ ಸಾಲಿಗೆ ಸ್ವರ ಏರಿತು, ಭಾಗವತರ ಹಾಗೆ. ಆಮೇಲೆ ಮಾತ್ರೆ ಎಣಿಸಿ ನೋಡಿದೆ. ಮಾತು ಮೂರು, ನಿಲ್ಲಲಿ ನಾಲ್ಕು, ಮನವು ಮೂರು, ತಿಳಿಯಲಿ ನಾಲ್ಕು. ಶುದ್ಧ ಭಾಮಿನಿಯ ನಡೆ! ಯಕ್ಷಗಾನದ ಊರಿನಲ್ಲಿ ಹುಟ್ಟಿದವನ ಕೈಗೆ ಪೆನ್ನು ಕೊಟ್ಟರೆ ಅದು ತಾನಾಗಿ ಮೂರು ನಾಲ್ಕರ ಮೇಲೆ ಕುಣಿಯುತ್ತದೆ, ಓದುವವನ ತಲೆಯಲ್ಲಿ ಚೆಂಡೆ ಏಳುತ್ತದೆ.

ಬೇರೆ ಕಡೆ ಇದು ಕವಿತೆಯ ಗುಣ. ಮೌನ ಶಿಬಿರದಲ್ಲಿ ಇದೇ ದೋಷ. ಹೊರಗಿನ ಮಾತು ನಿಂತಾಗ ತಲೆಯೊಳಗೆ ಹಾಡಿನ ತುಣುಕೊಂದು ಸಿಕ್ಕಿಕೊಂಡು ತಿರುಗತೊಡಗುವುದು ಕುಳಿತವರಿಗೆಲ್ಲ ಗೊತ್ತು. ನನಗೊಮ್ಮೆ ಯಾವುದೋ ಬಟ್ಟೆ ಅಂಗಡಿಯ ಜಾಹೀರಾತು ಅರ್ಧ ದಿನ ತಿರುಗಿತ್ತು. ಪ್ರಾಸ, ಸಮ ಗಣ, ಸಾಲಿನ ಕೊನೆಗೆ ಲಿ ಲಿ ಎಂಬ ಅನುರಣನ, ಇವೆಲ್ಲ ನೆನಪಿನಲ್ಲಿ ಉಳಿಯಲೆಂದೇ ಹುಟ್ಟಿದ ಉಪಾಯಗಳು. ನಮಗೆ ಬೇಕಾದದ್ದು ಓದಿದ ಕೂಡಲೇ ಬಿಟ್ಟುಹೋಗುವ ಕವಿತೆ. ಹಾಗಾಗಿ ಸಾಲುಗಳ ಅಳತೆಯನ್ನು ಬೇಕೆಂದೇ ಏರುಪೇರು ಮಾಡಬೇಕಾಯಿತು. ಒಂದು ಸಾಲು ಉದ್ದ, ಇನ್ನೊಂದು ಎರಡೇ ಪದ, ತಾಳ ಕೂರಲು ಜಾಗವೇ ಇಲ್ಲ.

ಎರಡನೆಯ ಪ್ರಯತ್ನ ಇನ್ನೂ ಕೆಟ್ಟದಾಗಿತ್ತು, ಏಕೆಂದರೆ ಅದು ಬುದ್ಧಿವಂತ ಕವಿತೆ. "ಮಾತಿಲ್ಲದ ಮಾತನ್ನು ಕೇಳಿದೆಯಾ?" ಎಂದು ಆರಂಭ. ಅಕ್ಕ ಓದಿ, "ಕೇಳಿದೆ ಎನ್ನಬೇಕೋ ಇಲ್ಲ ಎನ್ನಬೇಕೋ?" ಎಂದರು. ಸರಿಯಾದ ಪೆಟ್ಟು. ಪ್ರಶ್ನೆ ಕೇಳಿದರೆ ಓದುಗನ ಒಳಗೆ ಉತ್ತರ ಏಳುತ್ತದೆ, ಉತ್ತರ ಎಂದರೆ ಮಾತು. ಮಾತಿಲ್ಲದ ಮಾತು, ಸದ್ದಿಲ್ಲದ ಸದ್ದು ಎಂಬ ಒಗಟುಗಳೂ ಹಾಗೆಯೇ. ಎರಡನೆಯ ದಿನ ಒಬ್ಬ ಎಂಜಿನಿಯರು ಅದರ ಮುಂದೆ ನಿಂತರೆ ಊಟದ ಗಂಟೆ ಬಾರಿಸುವ ತನಕ ಬಿಡಿಸುತ್ತಾ ನಿಲ್ಲುತ್ತಾನೆ. ಅದರಲ್ಲೇ ಮುಂದೆ "ಕೇಳು, ನೋಡು, ಬಿಡು" ಎಂದು ಬರೆದಿದ್ದೆ. ಪಕ್ಕದ ಹಾಳೆಯಲ್ಲಿ "ತಟ್ಟೆ ತೊಳೆದಿಡಿ, ದೀಪ ಆರಿಸಿ" ಎಂದು ಆಗಲೇ ಆಜ್ಞೆಗಳಿವೆ. ಕವಿತೆಯೂ ಆಜ್ಞೆ ಮಾಡಿದರೆ ಅದು ಇನ್ನೊಂದು ಸೂಚನೆ, ಅಷ್ಟೇ. ಅದೂ ಏಕವಚನದಲ್ಲಿ!

ಇನ್ನೊಂದು ಸಾಲಿನಲ್ಲಿ ಪತ್ರೊಡೆ ಬೇಯುವ ಘಮ ಇತ್ತು. ಆಟಿ ತಿಂಗಳಲ್ಲವೇ, ಕೆಸುವಿನ ಎಲೆ ಕಣ್ಣಮುಂದೆಯೇ ಇತ್ತು, ತಡೆಯಲಾಗಲಿಲ್ಲ. ಅಕ್ಕ ಅದರ ಮೇಲೆ ಗೆರೆ ಎಳೆದರು. "ಸಂಜೆ ಐದರ ನಂತರ ಕಷಾಯ ಬಿಟ್ಟರೆ ಏನೂ ಕೊಡುವುದಿಲ್ಲ ಮಾರಾಯರೇ. ಇದನ್ನು ಓದಿದವರು ರಾತ್ರಿ ನಿದ್ದೆ ಮಾಡುತ್ತಾರಾ?"

ಆಮೇಲೆ ನಾನು ಬರೆಯುವುದನ್ನು ಬಿಟ್ಟು ಆ ಮನೆಯ ಜಗಲಿಯಲ್ಲಿ ಹೋಗಿ ಕುಳಿತೆ. ಮಳೆ ಆಗಷ್ಟೇ ಬಿಟ್ಟಿತ್ತು. ಹಂಚಿನ ತುದಿಯಲ್ಲಿ ಒಂದು ಹನಿ ನೇತಾಡುತ್ತಿತ್ತು. ಅದು ದಪ್ಪವಾಗುತ್ತದೆ, ಕೆಳಗೆ ಜಗ್ಗುತ್ತದೆ, ಕತ್ತು ಸಣ್ಣದಾಗುತ್ತದೆ, ಬೀಳುತ್ತದೆ. ಬಿದ್ದ ಮೇಲೆ ಒಂದಿಷ್ಟು ಹೊತ್ತು ಹಂಚು ಖಾಲಿ. ಆಮೇಲೆ ಇನ್ನೊಂದು. ಉಸಿರಿನ ಹಾಗೆಯೇ ಇದೆಯಲ್ಲ ಎಂದುಕೊಂಡೆ, ಆದರೆ ಉಸಿರು ಎಂಬ ಪದವನ್ನು ಹಾಕಬಾರದೆಂದೂ ಆಗಲೇ ನಿರ್ಧರಿಸಿದೆ. ಮೌನ, ಶಾಂತಿ, ಧ್ಯಾನ ಎಂಬ ಪದಗಳೂ ಬೇಡ. ಆ ಮೂರನ್ನು ಶಿಬಿರದ ಕರಪತ್ರದಲ್ಲೇ ಸಾಕಷ್ಟು ಬಳಸಿದ್ದರು. ಹೀಗಾಯಿತು:

ಮಳೆ ನಿಂತಿದೆ.
ಹಂಚಿನ ಅಂಚಿನಿಂದ
ಒಂದು ಹನಿ ಬೀಳುತ್ತಿದೆ.

ತುಸು ಹೊತ್ತು
ಏನೂ ಇಲ್ಲ.

ಮತ್ತೊಂದು ಹನಿ
ತುಂಬಿಕೊಳ್ಳುತ್ತಿದೆ.

ಅಂಗಳದ ಕೆಸರು ನೀರು
ತಾನಾಗಿ ತಿಳಿಯಾಗುತ್ತಿದೆ.

ಮೆಟ್ಟಿಲ ಬಳಿ ಚಪ್ಪಲಿಗಳು,
ಜೋಡಿ ಜೋಡಿಯಾಗಿ.

"ತುಂಬಿಕೊಳ್ಳುತ್ತಿದೆ" ಆದ ಮೇಲೆ "ಅವಸರ ಇಲ್ಲ" ಎಂಬ ಒಂದು ಸಾಲಿತ್ತು. ಎರಡು ದಿನ ಇಟ್ಟುಕೊಂಡು ಮುದ್ದು ಮಾಡಿ, ಮೂರನೆಯ ದಿನ ತೆಗೆದುಹಾಕಿದೆ. ಹನಿಗೆ ಅವಸರ ಇದೆಯೋ ಇಲ್ಲವೋ ಹನಿಗೇ ಗೊತ್ತಿಲ್ಲ. ಅದು ನಾನು ಶಿಬಿರಾರ್ಥಿಗೆ ಬೆನ್ನು ತಟ್ಟಿ ಹೇಳುತ್ತಿದ್ದ ಮಾತು.

ಉಳಿದದ್ದು ಇಪ್ಪತ್ತನಾಲ್ಕು ಪದ. ಅರವತ್ತು ಕೇಳಿದ್ದರಲ್ಲ ಎಂದು ಅಕ್ಕನಿಗೆ ಕಸಿವಿಸಿ, ತೂಕದಲ್ಲಿ ಮೋಸ ಮಾಡಿದ ಅಂಗಡಿಯವನನ್ನು ನೋಡಿದಂತೆ ನೋಡಿದರು. ಕನ್ನಡದಲ್ಲಿ ಅರವತ್ತು ಎಂದರೆ ಬಹಳ. ವಿಭಕ್ತಿ ಪದಕ್ಕೇ ಅಂಟಿಕೊಂಡಿರುತ್ತದೆ. "ಹಂಚಿನ ಅಂಚಿನಿಂದ" ಎಂಬುದು ನಮಗೆ ಎರಡು ಪದ, ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಐದಾರು ಬೇಕು. ಅರವತ್ತರ ಲೆಕ್ಕ ಅಲ್ಲಿಂದಲೇ ಬಂದಿರಬೇಕು.

ಅದಕ್ಕಿಂತ ಗಟ್ಟಿಯಾದ ಕಾರಣ ಹಾಳೆಯದು. ಶಿಬಿರಕ್ಕೆ ಬರುವವರಲ್ಲಿ ಅರ್ಧಕ್ಕರ್ಧ ನನ್ನ ವಯಸ್ಸಿನವರು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರು ನಾಲ್ಕೈದು ಅಡಿ ದೂರದಿಂದ, ಕನ್ನಡಕಕ್ಕಾಗಿ ತಡಕಾಡದೆ ಓದುವಂತಿರಬೇಕು. ನಮ್ಮ ಮನೆಯ ಗೋಡೆಗೆ ಅಂಟಿಸಿ ನೋಡಿದಾಗ 36 ಪಾಯಿಂಟಿಗಿಂತ ಸಣ್ಣ ಅಕ್ಷರ ಕೆಲಸ ಮಾಡಲಿಲ್ಲ. ಕನ್ನಡಕ್ಕೆ ಇನ್ನೊಂದು ತಾಪತ್ರಯವಿದೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಸಾಲುಗಳನ್ನು ಹತ್ತಿರ ಹತ್ತಿರ ಇಟ್ಟರೆ ಮೇಲಿನ ಸಾಲಿನ ತ್ತ ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗಿ ಜಗಳವಾಡಿದಂತೆ ಕಾಣುತ್ತದೆ. ಅದಕ್ಕೆ ಸಾಲಿನ ಅಂತರ ಒಂದೂವರೆಯಷ್ಟಾದರೂ ಬೇಕು. ಹಾಗೆ ಇಟ್ಟರೆ ಎ4 ಹಾಳೆಯಲ್ಲಿ ಹನ್ನೊಂದು ಸಾಲು ಮತ್ತು ನಡುವಿನ ಖಾಲಿ ಜಾಗ ಹಿಡಿಸುತ್ತವೆ. ಅರವತ್ತು ಪದ ಹಾಕಲು ಹೊರಟರೆ ಅಕ್ಷರ ಸಣ್ಣದಾಗಬೇಕು ಅಥವಾ ಖಾಲಿ ಜಾಗ ಹೋಗಬೇಕು. "ಏನೂ ಇಲ್ಲ" ಎಂದು ಬರೆದ ಮೇಲೆ ಅದರ ಕೆಳಗೆ ಏನೂ ಇಲ್ಲದಿರುವುದೇ ಮರ್ಯಾದೆ.

ಅಕ್ಕ ಕೊನೆಗೂ ಒಪ್ಪಿದರು, ಧ್ಯಾನದ ಕೋಣೆಯ ಬಾಗಿಲಲ್ಲಿ ಬೇಡ, ಊಟದ ಜಗಲಿಯಲ್ಲಿ ಇರಲಿ ಎಂಬ ಷರತ್ತಿನ ಮೇಲೆ. ಅದು ಸರಿಯಾದ ಷರತ್ತು. ಕೂರಲು ಹೋಗುವವರ ಕೈಗೆ ಹೊಸದಾಗಿ ಏನನ್ನೂ ಕೊಡಬಾರದು.

ಮೂರು ದಿನ ಕಳೆದು ಮೌನ ಬಿಟ್ಟ ಮಧ್ಯಾಹ್ನ ನಾನೂ ಹೋಗಿದ್ದೆ. ಹೊಗಳಿಕೆ ಸಿಗಬಹುದೆಂಬ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಿರಿಯರೊಬ್ಬರು ಬಂದು ಕೈ ಹಿಡಿದುಕೊಂಡು ಆಡಿದ ಮೊದಲ ಮಾತು ಇದು: "ಮಾಷ್ಟ್ರೇ, ಮಳೆ ಎಲ್ಲಿ ನಿಂತಿತ್ತು?"

ಆ ಮೂರೂ ದಿನ ಆಟಿಯ ಮಳೆ ಒಂದೇ ಸಮನೆ ಸುರಿದಿತ್ತು. ಹಂಚಿನ ಅಂಚಿನಿಂದ ಹನಿಯಲ್ಲ, ಧಾರೆ. ಜನ ಧೋ ಎನ್ನುವ ಮಳೆಯಲ್ಲಿ ತಟ್ಟೆ ಹಿಡಿದು ನಿಂತು "ಮಳೆ ನಿಂತಿದೆ" ಎಂದು ಓದುತ್ತಿದ್ದರು. ಒಂಬತ್ತು ಹೊತ್ತು ಊಟ ತಿಂಡಿ, ಒಂಬತ್ತು ಸಲ ಸುಳ್ಳು. ಇಬ್ಬರಿಗೆ ಸಾಲಿನಲ್ಲೇ ನಗು ಬಂದು ಮೌನ ಮುರಿಯುವುದರಲ್ಲಿತ್ತಂತೆ. ನನ್ನ "ಬಳಸರಿ"ಯನ್ನು ನಾನೇ ಇನ್ನೊಬ್ಬರ ತಲೆಗೆ ಅಂಟಿಸಿಬಿಟ್ಟಿದ್ದೆ.

ಹಾಳೆಯ ಗತಿಯೂ ಅಷ್ಟಕ್ಕಷ್ಟೇ. ಮನೆಯ ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದೆ. ಇರಿಚಲು ತಾಗಿ ಕೆಳಗಿನ ಎರಡು ಸಾಲುಗಳ ಶಾಯಿ ಇಳಿದು, ಚಪ್ಪಲಿಗಳು ನೀರಲ್ಲಿ ತೇಲಿಹೋದಂತೆ ಕಾಣುತ್ತಿದ್ದವು. ನಾಲ್ಕು ಮೂಲೆಯ ಪಿನ್ನುಗಳೂ ತುಕ್ಕು ಹಿಡಿದು ಕಂದು ಬಣ್ಣದ ಉಂಗುರ ಬಿಟ್ಟಿದ್ದವು. ಅಂಗಡಿಯಲ್ಲಿ ಲೇಸರ್ ಮುದ್ರಣ ಮಾಡಿಸಿದ್ದರೆ ನೀರಿಗೆ ಶಾಯಿ ಹರಡುತ್ತಿರಲಿಲ್ಲ. ಲ್ಯಾಮಿನೇಷನ್ ಮಾಡಿಸೋಣವೆಂದರೆ ಟ್ಯೂಬ್‌ಲೈಟ್ ಅದರ ಮೇಲೆ ಹೊಳೆದು ಅರ್ಧ ಅಕ್ಷರ ಕಾಣುವುದಿಲ್ಲ.

ಶಾಯಿಯ ತಪ್ಪಿಗೆ ಮದ್ದು ಸುಲಭ. ಕವಿತೆಯ ತಪ್ಪು ವ್ಯಾಕರಣದ್ದು. "ನಿಂತಿದೆ", "ಬೀಳುತ್ತಿದೆ", "ತಿಳಿಯಾಗುತ್ತಿದೆ" ಎಂದರೆ ಈಗ, ಈ ಕ್ಷಣ, ನಿನ್ನ ಕಣ್ಣೆದುರು ಎಂದು ಅರ್ಥ. ಜಗಲಿಯಲ್ಲಿ ಕುಳಿತು ಬರೆದವನಿಗೆ ಅದು ನಿಜ. ಫಲಕದ ಮೇಲಿನ ಕವಿತೆಯನ್ನು ನಸುಕಿನಲ್ಲೂ ಓದುತ್ತಾರೆ, ಮಟಮಟ ಮಧ್ಯಾಹ್ನದಲ್ಲೂ ಓದುತ್ತಾರೆ. ಅಲ್ಲಿ ಬೇಕಾದದ್ದು ಯಾವಾಗಲೂ ಹೀಗೆಯೇ ಎನ್ನುವ "ಬೀಳುತ್ತದೆ". ಒಂದು ತಿ ಹೋಗಿ ತ ಬಂದರೆ ಸಾಕು, ಕವಿತೆ ಹವಾಮಾನ ವರದಿಯ ಕೆಲಸದಿಂದ ಬಿಡುಗಡೆಯಾಗುತ್ತದೆ. ಈಗ ಮೊದಲ ಸಾಲುಗಳು ಹೀಗಿವೆ:

ಮಳೆ ನಿಂತ ಮೇಲೂ
ಹಂಚಿನ ಅಂಚಿನಿಂದ
ಒಂದು ಹನಿ ಬೀಳುತ್ತದೆ.

ಹನಿ ತುಂಬಿಕೊಳ್ಳುತ್ತದೆ, ನೀರು ತಿಳಿಯಾಗುತ್ತದೆ. ಒಟ್ಟು ಇಪ್ಪತ್ತೈದು ಪದ ಆಯಿತು, ಅಕ್ಕನಿಗೆ ಒಂದು ಪದ ಲಾಭ.

ಮುಂದಿನ ಶಿಬಿರ ಜನವರಿಯಲ್ಲಂತೆ. ಆಗ ಹಂಚಿನಿಂದ ಬೀಳುವುದು ಇಬ್ಬನಿ, ಅದೂ ಬೆಳಿಗ್ಗೆ ಮಾತ್ರ. ಅಂಗಳದಲ್ಲಿ ಕೆಸರೂ ಇರುವುದಿಲ್ಲ, ಅಡಿಕೆ ಒಣಗಲು ಹಾಕಿರುತ್ತಾರೆ. ಚಪ್ಪಲಿಯ ಸಾಲೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಮತ್ತೆ ಬರೆಯಬೇಕು.