ಫ್ರಾನ್ಸ್ ಎಂದು ಘೋಷಿಸಿದ ನಾನು

ಹಳೆಯ ಕೋಟಿನ ಜೇಬಿನಲ್ಲಿ ಸಿಕ್ಕ ನಾಣ್ಯವೊಂದರ ಎರಡೂ ಮುಖಗಳ ಚಿತ್ರವನ್ನು ಗೆಳೆಯನೊಬ್ಬ ಕಳುಹಿಸಿ, ಇದು ಯಾವ ದೇಶದ್ದೆಂದು ಕೇಳಿದ. ಒಂದು ಮುಖದಲ್ಲಿ ಎಲೆಗಳ ಹಾರದ ನಡುವೆ ‘2 Fr.’ ಎಂದಿತ್ತು; ಇಸವಿ ಇರಬೇಕಾದ ಜಾಗದಲ್ಲಿ ಅವನ ಹೆಬ್ಬೆರಳಿತ್ತು. ಇನ್ನೊಂದು ಮುಖದಲ್ಲಿ ನಿಂತ ಹೆಂಗಸು. ಫ್ರಾನ್ಸಿನ ಫ್ರಾಂಕ್ ನಾಣ್ಯಗಳ ಮೇಲೆ ಬೀಜ ಬಿತ್ತುತ್ತ ನಡೆಯುವ ಹೆಂಗಸಿದ್ದಾಳೆಂದು ನನಗೆ ತಿಳಿದಿತ್ತು. ಅರ್ಧ ತಿಳಿವಳಿಕೆಗೆ ಅಷ್ಟು ಸಾಕಲ್ಲವೇ? ‘ಫ್ರಾನ್ಸ್, ಸಂಶಯವೇ ಬೇಡ’ ಎಂದು ಉತ್ತರಿಸಿಬಿಟ್ಟೆ.

‘ಹಾಗಾದರೆ HELVETIA ಅಂದರೇನಪ್ಪಾ?’ ಎಂದು ಅವನು ಕೇಳಿದಾಗ, ಅದು ಆಕೆಯ ಹೆಸರಿರಬೇಕೆಂದೆ. ವಿಚಿತ್ರವೆಂದರೆ ಅದೊಂದು ಮಾತು ಸರಿಯಾಗಿತ್ತು! ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಆಕೆಯ ಕೈಯಲ್ಲಿ ಬೀಜದ ಚೀಲವಿರಲಿಲ್ಲ. ಒಂದು ಕೈಯಲ್ಲಿ ಈಟಿ, ಇನ್ನೊಂದರಲ್ಲಿ ಶಿಲುಬೆಯ ಗುರುತಿನ ಗುರಾಣಿ ಇದ್ದವು. ಫ್ರಾನ್ಸಿನದಾಗಿದ್ದರೆ ಗಣರಾಜ್ಯದ ಹೆಸರು ಫ್ರೆಂಚಿನಲ್ಲಿ ಇರಬೇಕಿತ್ತು. ಈ ಹೆಲ್ವೇಶಿಯಾ ಸ್ವಿಟ್ಜರ್ಲೆಂಡಿನ ಮೂರ್ತರೂಪ. ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಎಂಬ ನಾಲ್ಕು ಭಾಷೆಗಳಿರುವ ಆ ದೇಶವು, ಯಾವ ಭಾಷೆಯವರಿಗೂ ಬೇಸರವಾಗದಂತೆ, ತನ್ನ ಹೆಸರನ್ನು ಲ್ಯಾಟಿನ್ನಿನಲ್ಲಿ ಬರೆದುಕೊಳ್ಳುತ್ತದೆ. ನೆರೆಯ ಲೀಕ್ಟೆನ್‌ಸ್ಟೈನ್‌ನಲ್ಲಿಯೂ ಸ್ವಿಸ್ ಫ್ರಾಂಕೇ ಚಲಾವಣೆಯಲ್ಲಿರುವುದರಿಂದ, ಕೋಟಿನ ಯಜಮಾನರು ಯಾವ ದೇಶಕ್ಕೆ ಹೋಗಿದ್ದರೆಂಬುದನ್ನು ಮಾತ್ರ ನಾಣ್ಯವು ಹೇಳಲಾರದು.

ಇಷ್ಟಕ್ಕೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಹೋದ ಮರ್ಯಾದೆಯನ್ನು ಮರಳಿ ಪಡೆಯುವ ಆಸೆಯಿಂದ, ಇಸವಿಯನ್ನೂ ಹೇಳುತ್ತೇನೆಂದೆ. ಆಕೆಯ ಸುತ್ತ ಇರುವ ನಕ್ಷತ್ರಗಳು ಕ್ಯಾಂಟನ್‌ಗಳೆಂಬ ಪ್ರಾಂತ್ಯಗಳ ಲೆಕ್ಕ. ಅರ್ಧ ಕ್ಯಾಂಟನ್‌ಗಳೆರಡು ಸೇರಿದರೆ ಒಂದು ನಕ್ಷತ್ರ. ಮೊದಲು 22 ಇದ್ದವು. 1979ರಲ್ಲಿ ಜೂರಾ ಎಂಬ ಹೊಸ ಕ್ಯಾಂಟನ್ ಹುಟ್ಟಿದ್ದರಿಂದ 1983ರ ನಾಣ್ಯಗಳಿಂದ ಅವು 23 ಆದವು. ಎಣಿಸಿದರಾಯಿತು! ಮೊದಲ ಸಲ 21 ಬಂತು, ಮರುಸಲ 24. ಬೆಳಕು ಹೊಳೆದ ಕಡೆ ಎರಡು ನಕ್ಷತ್ರಗಳು ಒಂದಾಗಿ ಕಾಣುತ್ತಿದ್ದವು. ಮೂರನೆಯ ಸಲ 23 ಬಂದಾಗ, ಅದು ನನ್ನ ಜ್ಞಾನಕ್ಕೆ ಹೊಂದಿಕೊಂಡಿದ್ದರಿಂದ ಅಲ್ಲಿಗೇ ನಿಲ್ಲಿಸಿ, ‘1983 ಅಥವಾ ಆಮೇಲಿನದು’ ಎಂದು ಬರೆದೆ.

ಗೆಳೆಯ ಹೆಬ್ಬೆರಳನ್ನು ಸರಿಸಿ ಇನ್ನೊಂದು ಚಿತ್ರ ಕಳುಹಿಸಿದ. 1968 ಎಂದಿತ್ತು. ಈಟಿಯ ಮೊನೆಯ ಬಳಿಯ ನಕ್ಷತ್ರದಿಂದ ಎಣಿಕೆ ಆರಂಭಿಸಿ, ಸುತ್ತು ಮುಗಿಸುವಾಗ ಅದನ್ನೇ ಮತ್ತೊಮ್ಮೆ ಎಣಿಸಿದ್ದೆ.

‘ಹೋಗಲಿ ಬಿಡು, ಬೆಳ್ಳಿಯದಾದರೂ ಹೌದೇ?’ ಎಂದು ಅವನು ಕೇಳಿದ. ಈ ನಾಣ್ಯ ಬೆಳ್ಳಿಯಲ್ಲಿ ಬಂದದ್ದು 1967ರವರೆಗೆ; 1968ರಿಂದ ತಾಮ್ರ ಮತ್ತು ನಿಕ್ಕಲ್‌ಗಳ ಮಿಶ್ರಲೋಹ. ಒಂದೇ ವರ್ಷದಲ್ಲಿ ತಪ್ಪಿಹೋಯಿತೆಂದು ತಿಳಿಸಿದೆ. ಅಂದಿನ ನನ್ನ ಉತ್ತರಗಳಲ್ಲಿ ಸರಿಯಾಗಿದ್ದ ಇದೊಂದನ್ನು ಮಾತ್ರ ಅವನು ನಂಬಲಿಲ್ಲ.